ಉತ್ತರಕ್ಕಿಂತ ಮೊದಲೇ ಚಿತ್ರ

ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ಸಂಕೀರ್ಣ ಸಂಖ್ಯೆಗಳ ಲೆಕ್ಕ ನೆನಪಿರಬಹುದು. ವಿದ್ಯಾರ್ಥಿ ಒಂದು ಪುಟ ಗುಣಾಕಾರ ಭಾಗಾಕಾರ ಮಾಡಿ, ಕೊನೆಗೆ ಸಿಕ್ಕ ಉತ್ತರವನ್ನು ಎರಡು ಗೆರೆಗಳ ನಡುವೆ ಒಂದು ಚುಕ್ಕಿಯಾಗಿ ಗುರುತಿಸುತ್ತಾನೆ. ಆ ಚಿತ್ರಕ್ಕೆ ಆರ್ಗಾಂಡ್ ಚಿತ್ರ ಎಂದು ಹೆಸರು. ಲೆಕ್ಕದಲ್ಲಿ ಎಲ್ಲೋ ಒಂದು ಋಣ ಚಿಹ್ನೆ ತಪ್ಪಿದ್ದರೆ ಚುಕ್ಕಿಯೂ ಅದೇ ತಪ್ಪಾದ ಜಾಗದಲ್ಲಿ ಕೂರುತ್ತದೆ. ಉತ್ತರವನ್ನು ನೋಡಿ ಬರೆದ ಚಿತ್ರ ಆ ಉತ್ತರವನ್ನೇ ಪರೀಕ್ಷಿಸಲಾರದು. ಪ್ರಶ್ನೆಯನ್ನು ನೋಡಿ, ಲೆಕ್ಕ ಶುರು ಮಾಡುವ ಮೊದಲೇ ಬರೆದ ಚಿತ್ರ ಮಾತ್ರ ತಪ್ಪು ಹಿಡಿಯುತ್ತದೆ.

ಮೊದಲು ಚಿತ್ರದ ಅರ್ಥ ನೋಡೋಣ. 3−2i ಎಂಬ ಸಂಖ್ಯೆಯಲ್ಲಿ 3 ವಾಸ್ತವ ಭಾಗ, −2 ಕಾಲ್ಪನಿಕ ಭಾಗ. ಮಧ್ಯಬಿಂದುವಿನಿಂದ ಮೂರು ಮನೆ ಬಲಕ್ಕೆ ಹೋಗಿ, ಅಲ್ಲಿಂದ ಎರಡು ಮನೆ ಕೆಳಗಿಳಿದರೆ ಆ ಸಂಖ್ಯೆ ಸಿಕ್ಕಿತು. ಮಧ್ಯಬಿಂದುವಿನಿಂದ ಅಲ್ಲಿಗೆ ಎಳೆದ ಗೆರೆಯ ಉದ್ದವೇ ಮಾಡ್ಯುಲಸ್. ಬಲಗಡೆಯ ಅಕ್ಷದಿಂದ ಆ ಗೆರೆ ಎಷ್ಟು ತಿರುಗಿದೆ ಎಂಬುದೇ ಆರ್ಗ್ಯುಮೆಂಟ್. ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿದರೆ ಧನ, ಮುಳ್ಳಿನಂತೆಯೇ ತಿರುಗಿದರೆ ಋಣ. ಎರಡು ಅಕ್ಷಗಳು ಹಾಳೆಯನ್ನು ನಾಲ್ಕು ಚತುರ್ಥಕಗಳಾಗಿ ಸೀಳುತ್ತವೆ: ಬಲಮೇಲಿನದು ಒಂದನೆಯದು, ಎಡಮೇಲಿನದು ಎರಡನೆಯದು, ಎಡಕೆಳಗಿನದು ಮೂರನೆಯದು, ಬಲಕೆಳಗಿನದು ನಾಲ್ಕನೆಯದು.

ಈ ಚಿತ್ರಕ್ಕೆ ಬೆಲೆ ಬಂದಿರುವುದು ಒಂದು ಗುಣದಿಂದ. ಎರಡು ಸಂಕೀರ್ಣ ಸಂಖ್ಯೆಗಳನ್ನು ಗುಣಿಸಿದರೆ ಉದ್ದಗಳು ಗುಣಿಸಿಕೊಳ್ಳುತ್ತವೆ, ಕೋನಗಳು ಕೂಡಿಕೊಳ್ಳುತ್ತವೆ. ಭಾಗಿಸಿದರೆ ಉದ್ದಗಳು ಭಾಗವಾಗುತ್ತವೆ, ಕೋನಗಳು ಕಳೆಯುತ್ತವೆ. i ಯಿಂದ ಗುಣಿಸುವುದೆಂದರೆ ಎಡಕ್ಕೆ 90 ಡಿಗ್ರಿ ತಿರುಗುವುದು. ಹಾಗೆ ಎರಡು ಸಲ ತಿರುಗಿದವರು ಹಿಮ್ಮುಖವಾಗಿ ನಿಲ್ಲುತ್ತಾರೆ. i ಯ ವರ್ಗ −1 ಏಕೆ ಎಂಬುದಕ್ಕೆ ಇದಕ್ಕಿಂತ ಸರಳ ವಿವರಣೆ ನನಗೆ ಗೊತ್ತಿಲ್ಲ. ದಿಕ್ಕನ್ನೂ ಉದ್ದವನ್ನೂ ಹೀಗೆ ಒಟ್ಟಿಗೆ ಲೆಕ್ಕ ಹಾಕುವ ವಿಧಾನವನ್ನು ಮೊದಲು ಮಂಡಿಸಿದವನು ಭೂಮಾಪನದ ಕೆಲಸ ಮಾಡುತ್ತಿದ್ದ ಕಾಸ್ಪರ್ ವೆಸೆಲ್. 1797ರಲ್ಲಿ ಡೆನ್ಮಾರ್ಕಿನ ವಿಜ್ಞಾನ ಅಕಾಡೆಮಿಯ ಮುಂದೆ ಅವನ ಪ್ರಬಂಧ ಬಂತು, ಆದರೆ ಬಹುಕಾಲ ಯಾರೂ ಅದನ್ನು ಗಮನಿಸಲಿಲ್ಲ. ಜಿನೀವಾದಲ್ಲಿ ಹುಟ್ಟಿದ ಜ್ಯಾಂ ರಾಬರ್ ಆರ್ಗಾಂಡ್ 1806ರಲ್ಲಿ ಪ್ಯಾರಿಸ್‌ನಲ್ಲಿ ಇದೇ ವಿಚಾರದ ಪುಸ್ತಿಕೆಯನ್ನು ತನ್ನ ಹೆಸರನ್ನೂ ಹಾಕದೆ ಅಚ್ಚು ಹಾಕಿಸಿದ. ಚಿತ್ರಕ್ಕೆ ಉಳಿದದ್ದು ಅವನ ಹೆಸರು.

ಈಗ ಒಂದು ಲೆಕ್ಕ. (−5−i) ಯನ್ನು (3−2i) ಯಿಂದ ಭಾಗಿಸಬೇಕು. ಪೆನ್ನು ಲೆಕ್ಕಕ್ಕಿಳಿಯುವ ಮೊದಲು ಎರಡೂ ಸಂಖ್ಯೆಗಳನ್ನು ಚೌಕುಳಿ ಹಾಳೆಯ ಮೇಲೆ ಗುರುತಿಸೋಣ. ಎರಡೂ ಅಕ್ಷಗಳಿಗೆ ಒಂದೇ ಅಳತೆ ಇರಬೇಕು. ಅಡ್ಡಕ್ಕೆ ಒಂದು ಮನೆಗೆ ಒಂದು, ಉದ್ದಕ್ಕೆ ಎರಡು ಮನೆಗೆ ಒಂದು ಎಂದು ಇಟ್ಟರೆ ಕೋನಗಳೆಲ್ಲ ವಿಕಾರವಾಗುತ್ತವೆ, ಕಣ್ಣಂದಾಜು ಕೆಲಸಕ್ಕೆ ಬಾರದು.

−5−i ಎಂದರೆ ಐದು ಎಡಕ್ಕೆ, ಒಂದು ಕೆಳಕ್ಕೆ. ಗೆರೆ ಎಡ ಅಕ್ಷಕ್ಕೆ ಅಂಟಿಕೊಂಡಂತೆ, ಅದರ ಸ್ವಲ್ಪವೇ ಕೆಳಗೆ ಹೋಗುತ್ತದೆ. ಆ ಅಕ್ಷದಿಂದ ಅದು ಸುಮಾರು 10 ಡಿಗ್ರಿ ಕೆಳಗಿದೆ ಎಂದುಕೊಳ್ಳೋಣ. ಬಲ ಅಕ್ಷದಿಂದ ಗಡಿಯಾರದ ದಿಕ್ಕಿನಲ್ಲಿ ಅಲ್ಲಿಗೆ ಹೋಗಲು 170 ಡಿಗ್ರಿ ಬೇಕು, ಹಾಗಾಗಿ ಕೋನ −170. 3−2i ಬಲಕೆಳಗಿದೆ, ಕೋನ ಸುಮಾರು −35. ಕಳೆದರೆ −135. ಉತ್ತರ ಮೂರನೇ ಚತುರ್ಥಕದ ನಟ್ಟನಡುವೆ ಎಲ್ಲೋ ಇರಲೇಬೇಕು. ಉದ್ದಗಳ ಮಾತಿಗೆ ಬಂದರೆ ಮೊದಲನೆಯದರ ವರ್ಗ 25+1=26, ಎರಡನೆಯದರ ವರ್ಗ 9+4=13. ಉತ್ತರದ ಉದ್ದದ ವರ್ಗ 26/13, ಅಂದರೆ 2. ವರ್ಗಮೂಲ ತೆಗೆಯುವ ಗೋಜಿಗೆ ಹೋಗದೆ ವರ್ಗಗಳನ್ನೇ ಹೋಲಿಸುವುದು ಎಷ್ಟೋ ಹಗುರ. ಭಾಗಾಕಾರ ಇನ್ನೂ ಆಗಿಲ್ಲ, ಆದರೂ ಉತ್ತರದ ಉದ್ದ, ದಿಕ್ಕು ಎರಡೂ ಕೈಯಲ್ಲಿವೆ.

ಈಗ ಭಾಗಿಸೋಣ. ಛೇದದ ಕಾಂಜುಗೇಟ್ 3+2i. ಅದರಿಂದ ಮೇಲೆ ಕೆಳಗೆ ಗುಣಿಸಬೇಕು. ಮೇಲೆ −15−10i−3i−2i² ಬರುತ್ತದೆ. i² ಎಂದರೆ −1 ಆದ್ದರಿಂದ ಕೊನೆಯ ಪದ +2 ಆಗಿ, ಮೊತ್ತ −13−13i. ಕೆಳಗೆ 13. ಉತ್ತರ −1−i. ಅದರ ಉದ್ದದ ವರ್ಗ 2, ಜಾಗ ಮೂರನೇ ಚತುರ್ಥಕ. ಚಿತ್ರ ಮೊದಲೇ ಹೇಳಿದ್ದಕ್ಕೆ ಸರಿಹೊಂದಿತು.

ಇನ್ನು ಇದೇ ಲೆಕ್ಕ ಹೇಗೆಲ್ಲ ಕೆಡಬಹುದು ನೋಡಿ. i² ನ ಋಣ ಚಿಹ್ನೆ ಮರೆತವರು −15 ಕ್ಕೆ −2 ಸೇರಿಸಿ −17−13i ಎಂದು ಬರೆಯುತ್ತಾರೆ. 13ರಿಂದ ಭಾಗಿಸಿದ ಮೇಲೆ ಉದ್ದದ ವರ್ಗ 458/169, ಅಂದರೆ 2.7. ಇರಬೇಕಾದದ್ದು 2. ತಪ್ಪು ಸಿಕ್ಕಿಬಿತ್ತು. ಗಮನಿಸಿ, ಈ ತಪ್ಪು ಉತ್ತರವೂ ಮೂರನೇ ಚತುರ್ಥಕದಲ್ಲೇ ಇದೆ, ಆದ್ದರಿಂದ ಚತುರ್ಥಕವನ್ನಷ್ಟೇ ನೋಡಿದವರಿಗೆ ಅದು ಕಾಣುವುದಿಲ್ಲ. ಛೇದದಲ್ಲಿ 9+4 ರ ಬದಲು 9−4 ಎಂದು ಬರೆದರೂ ಹೀಗೆಯೇ: ದಿಕ್ಕು ಸರಿಯಾಗಿಯೇ ಉಳಿಯುತ್ತದೆ, ಉದ್ದ ಮಾತ್ರ ಎರಡೂವರೆ ಪಟ್ಟು ಹಿಗ್ಗುತ್ತದೆ. ಇವೆರಡನ್ನೂ ಮಾಡ್ಯುಲಸ್ ಹಿಡಿಯುತ್ತದೆ.

ಮೂರನೆಯ ತಪ್ಪು ಹೆಚ್ಚು ಅಪಾಯಕಾರಿ. ಕಾಂಜುಗೇಟಿನ ಚಿಹ್ನೆ ಬದಲಿಸಲು ಮರೆತು ಅಂಶವನ್ನು 3−2i ಯಿಂದಲೇ ಗುಣಿಸಿ, ಕೆಳಗೆ ಅಭ್ಯಾಸಬಲದಿಂದ 13 ಎಂದು ಬರೆದುಬಿಟ್ಟಿರಿ ಎನ್ನೋಣ. ಮೇಲೆ ಸಿಗುವುದು −17+7i. 17ರ ವರ್ಗ 289, 7ರ ವರ್ಗ 49, ಮೊತ್ತ 338. 169ರಿಂದ ಭಾಗಿಸಿದರೆ ಸರಿಯಾಗಿ 2! ಮಾಡ್ಯುಲಸ್ ಪರೀಕ್ಷೆಯಲ್ಲಿ ಈ ತಪ್ಪು ಉತ್ತರ ಪೂರ್ಣಾಂಕ ಪಡೆದು ಪಾಸಾಗುತ್ತದೆ. ಇದು ಕಾಕತಾಳೀಯವಲ್ಲ. 3+2i ಮತ್ತು 3−2i ಎರಡರ ಉದ್ದವೂ ಒಂದೇ, ಆದ್ದರಿಂದ ಒಂದರ ಬದಲು ಇನ್ನೊಂದನ್ನು ಹಾಕಿದರೆ ಉದ್ದಕ್ಕೆ ಅದು ತಿಳಿಯುವ ದಾರಿಯೇ ಇಲ್ಲ. ಕೊನೆಯ ಸಾಲಿನಲ್ಲಿ −1−i ಯನ್ನು −1+i ಎಂದು ಬರೆದರೂ ಮಾಡ್ಯುಲಸ್ ಸುಮ್ಮನಿರುತ್ತದೆ. ಇಂಥ ತಪ್ಪನ್ನು ತೋರಿಸುವುದು ಚಿತ್ರ: −17+7i ಎಡಮೇಲೆ, ಎರಡನೇ ಚತುರ್ಥಕದಲ್ಲಿದೆ, ನಾವು ಕಾಯುತ್ತಿದ್ದದ್ದು ಎಡಕೆಳಗೆ. ಮಾಡ್ಯುಲಸ್ ನೋಡಿ ಆಯಿತೆಂದು ಪುಟ ತಿರುವಬಾರದು ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಉತ್ತರ ಸರಿಯಾಗಿ −1−i ಎಂದು ಬಂದ ಮೇಲೂ ಆರ್ಗ್ಯುಮೆಂಟ್ ಬರೆಯುವಾಗ ಎಡವುವುದುಂಟು. ಕಾಲ್ಪನಿಕ ಭಾಗವನ್ನು ವಾಸ್ತವ ಭಾಗದಿಂದ ಭಾಗಿಸಿ ಕ್ಯಾಲ್ಕುಲೇಟರಿನಲ್ಲಿ ಟ್ಯಾನ್ ಇನ್ವರ್ಸ್ ಒತ್ತುತ್ತಾರೆ. −1 ಭಾಗಿಸು −1 ಎಂದರೆ 1. ಕ್ಯಾಲ್ಕುಲೇಟರ್ 45 ಡಿಗ್ರಿ ಎನ್ನುತ್ತದೆ. ಅದು 1+i ಯ ಕೋನ, ನಮ್ಮ ಚುಕ್ಕಿಗೆ ನೇರ ಎದುರಿನದು. ಭಾಗಿಸುವಾಗ ಎರಡು ಋಣ ಚಿಹ್ನೆಗಳು ಒಂದನ್ನೊಂದು ಹೊಡೆದುಹಾಕಿದವು, ಚುಕ್ಕಿ ಎಡಗಡೆ ಇತ್ತೆಂಬ ಮಾಹಿತಿಯೇ ಅಳಿಸಿಹೋಯಿತು. ಟ್ಯಾನ್ ಇನ್ವರ್ಸ್ ಕೊಡುವುದು ಯಾವಾಗಲೂ −90 ರಿಂದ 90 ಡಿಗ್ರಿಯೊಳಗಿನ ಕೋನ, ಅಂದರೆ ಹಾಳೆಯ ಬಲ ಅರ್ಧದ್ದು ಮಾತ್ರ. ಹಾಗಾಗಿ ಚಿಹ್ನೆಗಳನ್ನು ಬಿಟ್ಟು, ಹತ್ತಿರದ ಅಡ್ಡ ಅಕ್ಷದಿಂದ ಗೆರೆಗಿರುವ ಕೋನವನ್ನು ಮೊದಲು ತೆಗೆಯಬೇಕು. ಇಲ್ಲಿ ಅದು 45. ಆಮೇಲೆ ಚಿತ್ರ ನೋಡಿ ಚತುರ್ಥಕಕ್ಕೆ ಹೊಂದಿಸಬೇಕು. ಮೂರನೆಯದಾದ್ದರಿಂದ 180ರಲ್ಲಿ 45 ಕಳೆದು ಋಣ ಚಿಹ್ನೆ: −135. ಎರಡನೆಯದಾಗಿದ್ದರೆ 135 ಆಗುತ್ತಿತ್ತು. ಕೆಲವು ಪುಸ್ತಕಗಳು ಕೋನವನ್ನು 0 ರಿಂದ 360ರವರೆಗೆ ಎಣಿಸಿ 225 ಎಂದು ಬರೆಯುತ್ತವೆ. ದಿಕ್ಕು ಒಂದೇ. ರೇಡಿಯನ್ನಿನಲ್ಲಿ −135 ಎಂದರೆ −3π/4, ಸುಮಾರು −2.356.

ಕಂಪ್ಯೂಟರ್ ಭಾಷೆಗಳಲ್ಲಿ ಇದಕ್ಕೆಂದೇ ಎರಡು ಬೇರೆ ಆಜ್ಞೆಗಳಿವೆ. ಪೈಥಾನ್‌ನಲ್ಲಿ ಹೀಗೆ:

```
import math
print(math.atan(-1 / -1))
print(math.atan2(-1, -1))
```

ಮೊದಲನೆಯದು 0.785 ಎಂದು ಕೊಡುತ್ತದೆ, ಅದು 45 ಡಿಗ್ರಿ. ಎರಡನೆಯದು ಭಾಗಿಸದೆ ಎರಡೂ ಭಾಗಗಳನ್ನು ಬೇರೆ ಬೇರೆಯಾಗಿಯೇ ತೆಗೆದುಕೊಳ್ಳುವುದರಿಂದ ಚಿಹ್ನೆಗಳು ಉಳಿದು −2.356 ಬರುತ್ತದೆ. ಅಲ್ಲಿ ಕಾಲ್ಪನಿಕ ಭಾಗ ಮೊದಲು, ವಾಸ್ತವ ಭಾಗ ಆಮೇಲೆ. ಅದಲುಬದಲಾದರೆ ಮತ್ತೆ ತಪ್ಪು.

ಚಿತ್ರಕ್ಕೂ ಮಿತಿಯಿದೆ. ಉತ್ತರ ಅಕ್ಷದ ಪಕ್ಕದಲ್ಲೇ ಬಿದ್ದಾಗ ಕಣ್ಣಂದಾಜು ಸೋಲುತ್ತದೆ. (−7+5i) ಯನ್ನು (4−3i) ಯಿಂದ ಭಾಗಿಸಿ ನೋಡಿ. ಮೊದಲನೆಯದರ ಕೋನ ಸುಮಾರು 145, ಎರಡನೆಯದರದು ಸುಮಾರು −35. ಕಳೆದರೆ 180: ಉತ್ತರ ಎಡ ಅಕ್ಷದ ಮೇಲೆಯೇ ಕೂತಂತಿದೆ. ಅದು ತುಸು ಮೇಲಿದೆಯೋ ಕೆಳಗಿದೆಯೋ ಕೈಚಿತ್ರ ಹೇಳಲಾರದು. ಆದರೆ ಈ ವ್ಯತ್ಯಾಸ ಆರ್ಗ್ಯುಮೆಂಟಿಗೆ ದೊಡ್ಡದು, ಏಕೆಂದರೆ ಅಕ್ಷದ ಮೇಲ್ಗಡೆ 179 ಇದ್ದದ್ದು ಕೆಳಗಡೆಗೆ ದಾಟಿದ ಕೂಡಲೇ −179 ಆಗುತ್ತದೆ.

ಇಲ್ಲಿ ಎರಡು ಗೆರೆಗಳ ಓಟವನ್ನು ಭಿನ್ನರಾಶಿಯಾಗಿ ಹೋಲಿಸಬೇಕು. −7+5i ಯ ಗೆರೆ ಎಡ ಅಕ್ಷದಿಂದ ಏಳಕ್ಕೆ ಐದರಂತೆ ಮೇಲೇರಿದೆ, 4−3i ಯ ಗೆರೆ ಬಲ ಅಕ್ಷದಿಂದ ನಾಲ್ಕಕ್ಕೆ ಮೂರರಂತೆ ಕೆಳಗಿಳಿದಿದೆ. 5/7 ದೊಡ್ಡದೋ 3/4 ದೊಡ್ಡದೋ? ಅಡ್ಡ ಗುಣಿಸಿದರೆ 20 ಮತ್ತು 21. 3/4 ಕೂದಲೆಳೆಯಷ್ಟು ದೊಡ್ಡದು. ಹಾಗಾಗಿ ಕಳೆದಾಗ ಕೋನ 180ನ್ನು ಸ್ವಲ್ಪ ದಾಟುತ್ತದೆ, ಉತ್ತರ ಮೂರನೇ ಚತುರ್ಥಕಕ್ಕೆ ಜಾರುತ್ತದೆ. ಭಾಗಾಕಾರ ಮಾಡಿದರೆ ಮೇಲೆ −28−21i+20i+15i² ಬಂದು −43−i ಆಗುತ್ತದೆ, ಕೆಳಗೆ 25. ಉತ್ತರ −1.72−0.04i, ಕೋನ −178.67 ಡಿಗ್ರಿ. ಚತುರ್ಥಕವನ್ನು ತೀರ್ಮಾನಿಸಿದ ಆ 20 ಮತ್ತು 21 ಗುಣಾಕಾರದ ನಡುವಿನ ಎರಡು ಪದಗಳಾಗಿಯೇ ಬಂದಿವೆ.