ಹಾಕಿದ್ದು ಹದಿನೈದನೇ ಪುಟಕ್ಕೆ, ಬಂದದ್ದು ಮುಖಪುಟಕ್ಕೆ

ಸಹಕಾರ ಸಂಘವೊಂದರ ವಾರ್ಷಿಕ ವರದಿ ಡಿಟಿಪಿ ಅಂಗಡಿಯಲ್ಲಿ ತಯಾರಾಗುತ್ತಿತ್ತು. ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಮಾಡಿದ 36 ಪುಟಗಳ ಫೈಲು. ಮುಖಪುಟ ಬಿಟ್ಟು ಉಳಿದೆಲ್ಲ ಪುಟಗಳ ಮೇಲ್ಭಾಗದಲ್ಲಿ ಸಂಘದ ಲೋಗೊ ಬರಬೇಕಿತ್ತು. ಜಮಾ-ಖರ್ಚಿನ ತಖ್ತೆ ಅಗಲವಾಗಿದ್ದರಿಂದ 15ರಿಂದ 17ರವರೆಗಿನ ಪುಟಗಳನ್ನಷ್ಟೇ ಅಡ್ಡಲಾಗಿ ಇಟ್ಟಿದ್ದರು. ಪ್ರಿಂಟ್ ತೆಗೆದು ನೋಡಿದರೆ 15 ಮತ್ತು 18ನೇ ಪುಟಗಳಲ್ಲಿ ಲೋಗೊ ಇಲ್ಲ. ಆಪರೇಟರ್ 15ನೇ ಪುಟಕ್ಕೆ ಹೋಗಿ ಅದನ್ನು ಮತ್ತೆ ಹಾಕಿದರು. 15ಕ್ಕೂ ಬಂತು, 18ಕ್ಕೂ ಬಂತು, ಜೊತೆಗೆ ಬೇಡವಾಗಿದ್ದ ಮುಖಪುಟದಲ್ಲೂ ಬಂದು ಕೂತಿತು. ಮುಖಪುಟದಲ್ಲಿದ್ದುದನ್ನು ಅಳಿಸಿದರು, ಮೂರೂ ಕಡೆ ಒಟ್ಟಿಗೇ ಹೋಯಿತು.

ಇಂಥ ಹೊತ್ತಿನಲ್ಲಿ ಫೈಲೇ ಕೆಟ್ಟಿದೆ ಎಂದು ಎಲ್ಲವನ್ನೂ ಹೊಸ ಫೈಲಿಗೆ ಕಾಪಿ ಮಾಡಿ ಮೊದಲಿನಿಂದ ಶುರು ಮಾಡುವವರು ಬಹಳ. ಅದರ ಅಗತ್ಯವಿಲ್ಲ. ವರ್ಡ್ ತನಗೆ ಹೇಳಿದ್ದನ್ನೇ ಚಾಚೂ ತಪ್ಪದೆ ಮಾಡಿರುತ್ತದೆ. ನಾವು ಏನು ಹೇಳಿದ್ದೇವೆ ಎಂಬುದು ಮಾತ್ರ ನಮಗೆ ಕಾಣುವುದಿಲ್ಲ.

ಪುಟದ ಮೇಲೆ ಕಾಣುವ ಲೋಗೊ ಆ ಪುಟದ ಸ್ವತ್ತಲ್ಲ. ಬಿಳಿ ಹಾಳೆಯಲ್ಲಿ ಕಾಗದ ಬರೆಯುವಾಗ ಸಾಲು ನೇರ ಬರಲೆಂದು ಕೆಳಗೆ ರೂಲಿನ ಹಾಳೆ ಇಟ್ಟುಕೊಳ್ಳುತ್ತಿದ್ದೆವಲ್ಲ, ಹೆಡರ್ ಎಂಬುದು ಹಾಗೆ ಅಡಿಯಲ್ಲಿರುವ ಪದರ. ಒಂದೇ ಹೆಡರ್ ಎಷ್ಟು ಪುಟಗಳ ಅಡಿಯಲ್ಲಾದರೂ ಇರಬಹುದು. ವಾಟರ್‌ಮಾರ್ಕ್ ಕೂಡ ಇಲ್ಲೇ ವಾಸ. ಅದು ಪುಟದ ನಟ್ಟನಡುವೆ ಕಂಡರೂ ಅದರ ಬೇರು ಹೆಡರ್‌ನಲ್ಲಿರುತ್ತದೆ. ಹಾಗಾಗಿಯೇ ಪುಟದ ಮಧ್ಯೆ ಎಷ್ಟು ಕ್ಲಿಕ್ ಮಾಡಿದರೂ ಅದು ಕೈಗೆ ಸಿಗುವುದಿಲ್ಲ; ಮೇಲಿನ ಅಂಚಿನಲ್ಲಿ ಡಬಲ್ ಕ್ಲಿಕ್ ಮಾಡಿ ಹೆಡರ್ ತೆರೆದರೆ ಸಿಗುತ್ತದೆ.

ಫೈಲಿಗೆಲ್ಲ ಒಂದೇ ಹೆಡರ್ ಎಂದುಕೊಂಡಿರುವುದರಿಂದಲೇ ಗೊಂದಲ ಹುಟ್ಟುತ್ತದೆ. ವರ್ಡ್ ಫೈಲು ಸೆಕ್ಷನ್‌ಗಳಾಗಿ ಒಡೆದಿರುತ್ತದೆ. ಪ್ರತಿ ಸೆಕ್ಷನ್ನಿಗೂ ಮೂರು ಹೆಡರ್‌ಗಳಿಗೆ ಜಾಗವಿದೆ: ಮೊದಲ ಪುಟಕ್ಕೊಂದು, ಸಮಸಂಖ್ಯೆಯ ಪುಟಗಳಿಗೊಂದು, ಉಳಿದವುಗಳಿಗೆ ಸಾಮಾನ್ಯವಾದದ್ದೊಂದು. Different First Page ಎಂಬಲ್ಲಿ ಟಿಕ್ ಹಾಕಿದರೆ ಮೊದಲನೆಯದಕ್ಕೆ ಜೀವ ಬರುತ್ತದೆ. Different Odd & Even Pages ಟಿಕ್ ಮಾಡಿದರೆ ಸಮಪುಟಗಳದ್ದು ಎದ್ದು ಕೂರುತ್ತದೆ. ಮೊದಲನೆಯ ಟಿಕ್ ಆಯಾ ಸೆಕ್ಷನ್ನಿಗಷ್ಟೇ, ಎರಡನೆಯದು ಇಡೀ ಫೈಲಿಗೆ. ಒಂದು ಪುಟ ಬಿಟ್ಟು ಒಂದು ಪುಟದಲ್ಲಿ ಲೋಗೊ ಕಾಣೆಯಾಗಿದ್ದರೆ ಬೇರೆಲ್ಲೂ ಹುಡುಕಬೇಡಿ, ಕಾರಣ ಆ ಎರಡನೆಯ ಟಿಕ್.

ಸಂಘದ ವರದಿಯಲ್ಲಿ ನಡೆದದ್ದು ಇಷ್ಟು. ಮುಖಪುಟದಲ್ಲಿ ಲೋಗೊ ಬೇಡವೆಂದು Different First Page ಟಿಕ್ ಹಾಕಿದ್ದರು. ಆಮೇಲೆ ತಖ್ತೆಯನ್ನು ಸೆಲೆಕ್ಟ್ ಮಾಡಿ ಅಷ್ಟನ್ನೇ ಅಡ್ಡಪುಟ ಮಾಡಿದರು. ಹಾಗೆ ಮಾಡಿದಾಗ ವರ್ಡ್ ತಾನಾಗಿಯೇ ತಖ್ತೆಯ ಮುಂದೊಂದು, ಹಿಂದೊಂದು ಸೆಕ್ಷನ್ ಬ್ರೇಕ್ ಹಾಕುತ್ತದೆ. ಫೈಲು ಮೂರು ಸೆಕ್ಷನ್ ಆಯಿತು. ಹೊಸ ಸೆಕ್ಷನ್‌ಗಳು ಹಳೆಯದರ ಗುಣವನ್ನೆಲ್ಲ ಹೊತ್ತುಕೊಂಡೇ ಹುಟ್ಟುತ್ತವೆ, ಆ ಟಿಕ್ ಕೂಡ ಸೇರಿ. 15ನೇ ಪುಟ ಎರಡನೇ ಸೆಕ್ಷನ್ನಿನ ‘ಮೊದಲ ಪುಟ’ವಾಯಿತು, 18ನೆಯದು ಮೂರನೆಯದರ ‘ಮೊದಲ ಪುಟ’ವಾಯಿತು. ಮುಖಪುಟದಂತೆಯೇ ಅವೂ ಖಾಲಿಯಾದವು.

ಮರಳಿ ಹಾಕಿದ ಲೋಗೊ ಮುಖಪುಟಕ್ಕೆ ಹಾರಿದ್ದಕ್ಕೆ ಕಾರಣ Link to Previous. ಹೊಸ ಸೆಕ್ಷನ್ನಿಗೆ ಸ್ವಂತ ಹೆಡರ್ ಇರುವುದಿಲ್ಲ, ಹಿಂದಿನದನ್ನೇ ತೋರಿಸುತ್ತದೆ. ಅಲ್ಲಿ ಹಾಕಿದ್ದು, ತೆಗೆದದ್ದು ಎಲ್ಲವೂ ನಿಜವಾಗಿ ನಡೆಯುವುದು ಹಿಂದಿನ ಸೆಕ್ಷನ್ನಿನಲ್ಲಿ. 15ನೇ ಪುಟದ ‘ಮೊದಲ ಪುಟದ ಹೆಡರ್’ ಅಂದರೆ ಮುಖಪುಟದ್ದೇ ಹೆಡರ್!

ಇದನ್ನು ಊಹಿಸಬೇಕಿಲ್ಲ, ಓದಬಹುದು. ಹೆಡರ್ ತೆರೆದಾಗ ಎಡ ಅಂಚಿನಲ್ಲಿ ಸಣ್ಣ ಪಟ್ಟಿಯೊಂದು ಕಾಣುತ್ತದೆ. 15ನೇ ಪುಟದಲ್ಲಿ ಅದರ ಮೇಲೆ First Page Header -Section 2- ಎಂದಿತ್ತು. ಬಲಗಡೆ Same as Previous ಎಂದಿತ್ತು. ಯಾವ ಸೆಕ್ಷನ್, ಮೂರರಲ್ಲಿ ಯಾವ ಹೆಡರ್, ಸ್ವಂತದ್ದೋ ಎರವಲೋ ಎಂಬ ಮೂರೂ ಪ್ರಶ್ನೆಗೆ ಉತ್ತರ ಆ ಪಟ್ಟಿಗಳಲ್ಲೇ ಇದೆ. ಲೋಗೊ ತಪ್ಪಿದ ಪುಟಕ್ಕೂ ಸರಿಯಾಗಿರುವ ಪಕ್ಕದ ಪುಟಕ್ಕೂ ಹೋಗಿ ಎರಡನ್ನೂ ಓದಿ ಹೋಲಿಸಿದರೆ ತಪ್ಪು ತಾನಾಗಿ ಹೊರಬೀಳುತ್ತದೆ.

ಪರಿಹಾರವೂ ಸರಳವಾಗಿತ್ತು. 15 ಮತ್ತು 18ನೇ ಪುಟಗಳ ಹೆಡರ್ ತೆರೆದು Different First Page ಟಿಕ್ ತೆಗೆದದ್ದೇ ತಡ, ಲೋಗೊ ತನ್ನಷ್ಟಕ್ಕೆ ಬಂತು; ಹೊಸದಾಗಿ ಹಾಕುವ ಪ್ರಶ್ನೆಯೇ ಇರಲಿಲ್ಲ. ಒಂದು ಸೆಕ್ಷನ್ನಿಗೆ ಬೇರೆಯದೇ ಲೋಗೊ ಬೇಕಿದ್ದರೆ ಮಾತ್ರ Link to Previous ಆಫ್ ಮಾಡಬೇಕು. ಅದನ್ನು ಮೊದಲು ಆಫ್ ಮಾಡಿ, ಆಮೇಲೆ ಲೋಗೊಗೆ ಕೈ ಹಾಕಿ. ಕ್ರಮ ಹಿಂದುಮುಂದಾದರೆ ಹಿಂದಿನ ಸೆಕ್ಷನ್ನಿನದೂ ಬದಲಾಗಿರುತ್ತದೆ. ಮೂರು ಹೆಡರ್‌ಗಳಿಗೂ ಫೂಟರ್‌ಗಳಿಗೂ ಈ ಕೊಂಡಿ ಬೇರೆಬೇರೆ ಎಂಬುದನ್ನೂ ಮರೆಯಬಾರದು.

ಇನ್ನೊಂದು ಅಪಾಯವಿದೆ. ತಖ್ತೆ ಬೇಡವೆಂದು ಅದರ ಜೊತೆ ಸೆಕ್ಷನ್ ಬ್ರೇಕನ್ನೂ ಅಳಿಸುವವರಿದ್ದಾರೆ. ಸೆಕ್ಷನ್ನಿನ ಗುಣವೆಲ್ಲ ಅದರ ಕೊನೆಯಲ್ಲಿರುವ ಬ್ರೇಕಿನಲ್ಲೇ ಅಡಗಿರುತ್ತದೆ. ಅದು ಹೋದರೆ ಹಿಂದಿನ ಪುಟಗಳೆಲ್ಲ ಮುಂದಿನ ಸೆಕ್ಷನ್ನಿನ ಗುಣಕ್ಕೆ ತಿರುಗುತ್ತವೆ. ನೆಟ್ಟಗಿದ್ದ 14 ಪುಟಗಳು ಒಂದೇ ಏಟಿಗೆ ಅಡ್ಡ ಬೀಳಬಹುದು. ಬ್ರೇಕ್ ಎಲ್ಲಿದೆ ಎಂದು Ctrl+Shift+8 ಒತ್ತಿ ನೋಡಿಕೊಂಡೇ ಅಳಿಸುವ ಕೆಲಸಕ್ಕೆ ಇಳಿಯುವುದು ಒಳ್ಳೆಯದು.

ಲೋಗೊ ಸರಿಯಾದ ಮೇಲೆ ‘ಕರಡು ಪ್ರತಿ’ ಎಂಬ ವಾಟರ್‌ಮಾರ್ಕಿನ ಸರದಿ. ಅದು ಪ್ರಿಂಟಿನಲ್ಲಿ ಇದ್ದೂ ಇಲ್ಲದಂತಿತ್ತು. ಇಲ್ಲಿ ಸ್ಕ್ರೀನನ್ನು ನಂಬಬೇಡಿ. ಪುಟದಲ್ಲಿ ಬರೆಯುತ್ತಿರುವಾಗ ವರ್ಡ್ ಹೆಡರ್‌ನಲ್ಲಿರುವುದನ್ನೆಲ್ಲ ಬೇಕೆಂದೇ ಮಂಕಾಗಿ ತೋರಿಸುತ್ತದೆ. ಗಾಢ ಬಣ್ಣದ ಲೋಗೊ ಕೂಡ ಮಾಸಿದಂತೆ ಕಾಣುತ್ತದೆ, ಪ್ರಿಂಟಿನಲ್ಲಿ ಸರಿಯಾಗಿಯೇ ಬರುತ್ತದೆ. ಆದ್ದರಿಂದ ಮೊದಲು ಫೈಲನ್ನು ಪಿಡಿಎಫ್ ಮಾಡಿ ನೋಡಬೇಕು. ಪಿಡಿಎಫ್‌ನಲ್ಲಿ ಚೆನ್ನಾಗಿದ್ದು ಕಾಗದದಲ್ಲಿ ಮಾಸಿದ್ದರೆ ಪ್ರಿಂಟರಿನ ಟೋನರ್ ಉಳಿಸುವ ಮೋಡ್ ನೋಡಿ. ಪಿಡಿಎಫ್‌ನಲ್ಲೂ ಮಾಸಿದ್ದರೆ ಕಾರಣ ಫೈಲಿನಲ್ಲಿದೆ.

ವರ್ಡ್ ತಾನಾಗಿ ಕೊಡುವ ಅಕ್ಷರದ ವಾಟರ್‌ಮಾರ್ಕ್ ತಿಳಿ ಬೂದು ಬಣ್ಣದ್ದು. ಫೈಲಿನೊಳಗೆ ಅದರ ಹೆಸರು `silver`. ಅದು ಕಪ್ಪಿನ ಕಾಲು ಭಾಗದಷ್ಟೇ ಗಾಢ. ಅದರ ಮೇಲೆ Semitransparent ಟಿಕ್ ಇದ್ದರೆ ಅದೂ ಅರ್ಧವಾಗಿ ಸುಮಾರು 12 ಪರ್ಸೆಂಟಿಗೆ ಇಳಿಯುತ್ತದೆ. ಲೇಸರ್ ಪ್ರಿಂಟರಿಗೆ ಬೂದು ಬಣ್ಣವೆಂಬುದೇ ಇಲ್ಲ, ಕಪ್ಪು ಚುಕ್ಕೆಗಳನ್ನು ವಿರಳವಾಗಿ ಹರಡಿ ಬೂದು ತೋರಿಸುತ್ತದೆ. ಅಷ್ಟು ವಿರಳ ಚುಕ್ಕೆಗಳು ಟೋನರ್ ಮುಗಿಯುತ್ತ ಬಂದಾಗ ಅಥವಾ ಜೆರಾಕ್ಸ್ ಮಾಡಿದಾಗ ಉಳಿಯುವುದು ಕಷ್ಟ. Design ಟ್ಯಾಬಿನ Watermark, ಅದರೊಳಗಿನ Custom Watermark ತೆರೆದು ಆ ಟಿಕ್ ತೆಗೆದರೆ ಗಾಢತೆ ಇಮ್ಮಡಿಯಾಗುತ್ತದೆ.

ಚಿತ್ರದ ವಾಟರ್‌ಮಾರ್ಕಿಗೆ ಇದೇ ಕೆಲಸ ಮಾಡುವುದು Washout. ಅಚ್ಚ ಕಪ್ಪನ್ನೇ ಅದು ಸುಮಾರು 30 ಪರ್ಸೆಂಟಿನ ಬೂದು ಮಾಡುತ್ತದೆ. ಹೀಗಿರುವಾಗ ಲೋಗೊದಲ್ಲಿ ಅರಿಸಿನ ಬಣ್ಣವಿದ್ದರೆ ಆ ಭಾಗ ಕಪ್ಪು-ಬಿಳುಪು ಪ್ರಿಂಟಿನಲ್ಲಿ ಪೂರ್ತಿ ಮಾಯವಾಗುತ್ತದೆ. Washout ಸುಮ್ಮನೆ ತೆಗೆದರೆ ಲೋಗೊ ಗಾಢವಾಗಿ ಮೇಲಿನ ಅಕ್ಷರ ಓದಲಾಗದು. ಲೋಗೊವನ್ನು ಮೊದಲೇ ಒಂದೇ ಬಣ್ಣದ ನಡು-ಬೂದು ಮಾಡಿಟ್ಟುಕೊಂಡು, Washout ಇಲ್ಲದೆ ಹಾಕುವುದೇ ನನಗೆ ಸರಿಯಾಗಿ ಕಂಡ ದಾರಿ.

ಕೊನೆಗೆ ತಖ್ತೆಯ ಹಿಂದೆ ಮಾತ್ರ ವಾಟರ್‌ಮಾರ್ಕ್ ಕತ್ತರಿಸಿದಂತೆ ಕಂಡರೆ ಅದು ಮಾಸಿದ್ದಲ್ಲ, ಮುಚ್ಚಿಹೋದದ್ದು. ಎಕ್ಸೆಲ್‌ನಿಂದಲೋ ವೆಬ್‌ನಿಂದಲೋ ತಂದ ತಖ್ತೆಯ ಮನೆಗಳಿಗೆ ಎಷ್ಟೋ ಸಲ ಬಿಳಿ ಬಣ್ಣ ತುಂಬಿರುತ್ತದೆ. ಬಿಳಿ ಕಾಗದದ ಮೇಲೆ ಅದು ಕಾಣುವುದಿಲ್ಲ, ಆದರೆ ಹೆಡರ್ ಪದರ ಅದರಡಿ ಸಿಕ್ಕಿಕೊಳ್ಳುತ್ತದೆ. ತಖ್ತೆ ಸೆಲೆಕ್ಟ್ ಮಾಡಿ Shading ನಲ್ಲಿ ಬಿಳಿಯ ಬದಲು No Color ಆರಿಸಿದರೆ ಹಿಂದಿನದು ಕಾಣುತ್ತದೆ. ಸಂಘದ ವರದಿಯ 16ನೇ ಪುಟದಲ್ಲಿ ‘ಕರಡು’ ಎಂಬುದು ಕಾಣದೆ ‘ಪ್ರತಿ’ಯಷ್ಟೇ ಉಳಿದಿದ್ದುದು ಇದರಿಂದಲೇ.