ಏಳು ಅಂಕಿ, ಹನ್ನೆರಡು ಆಟ

ಭಾನುವಾರ ಸಂಜೆ ಶಟಲ್ ಆಡಲು ಏಳು ಜನ ಸೇರಿದ್ದರು ಅಂದುಕೊಳ್ಳಿ. ಎಲ್ಲವೂ ಸಿಂಗಲ್ಸ್. ಒಬ್ಬರ ಜೊತೆ ಒಂದು ಸಲ ಆಡಿದರೆ ಮುಗಿಯಿತು, ಅದೇ ಜೋಡಿ ಮತ್ತೆ ಕೋರ್ಟಿಗೆ ಇಳಿಯುವಂತಿಲ್ಲ. ಯಾರು ಯಾರ ಜೊತೆ ಆಡಿದರೆಂದು ಬರೆದಿಟ್ಟ ಚೀಟಿ ಎಲ್ಲೋ ಕಳೆದುಹೋಗಿದೆ. ರಾತ್ರಿ ಒಬ್ಬೊಬ್ಬರಿಗೂ ಫೋನ್ ಮಾಡಿ ಕೇಳಿದರೆ, ಎಷ್ಟು ಆಟ ಆಡಿದೆವು ಎನ್ನುವುದಷ್ಟೇ ಅವರಿಗೆ ನೆನಪಿದೆ. ಸಿಕ್ಕ ಉತ್ತರಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದರೆ ಹೀಗಿವೆ: 5, 5, 5, 3, 2, 2, 2.

ಇವರು ಹೇಳಿದ್ದು ನಿಜವಿರಬಹುದೇ? ಇಂಥ ಅಂಕಿಗಳು ಬರುವ ಒಂದು ಸಂಜೆ ಸಾಧ್ಯವೇ?

ಗಣಿತದವರು ಇದನ್ನೇ ಬೇರೆ ಮಾತಿನಲ್ಲಿ ಕೇಳುತ್ತಾರೆ. ಒಬ್ಬೊಬ್ಬ ಆಟಗಾರನಿಗೂ ಒಂದು ಚುಕ್ಕೆ, ಒಂದೊಂದು ಆಟಕ್ಕೂ ಎರಡು ಚುಕ್ಕೆಗಳನ್ನು ಸೇರಿಸುವ ಒಂದು ಗೆರೆ. ಈ ಚಿತ್ರಕ್ಕೆ ಗ್ರಾಫ್ ಎಂದು ಹೆಸರು. ಪತ್ರಿಕೆಯಲ್ಲಿ ಚಿನ್ನದ ಬೆಲೆ ತೋರಿಸುವ ಗ್ರಾಫಿಗೂ ಇದಕ್ಕೂ ಸಂಬಂಧವಿಲ್ಲ. ಒಂದು ಚುಕ್ಕೆಗೆ ಬಂದು ಸೇರುವ ಗೆರೆಗಳ ಸಂಖ್ಯೆಯೇ ಅದರ ಡಿಗ್ರಿ. ಎರಡು ಚುಕ್ಕೆಗಳ ನಡುವೆ ಒಂದಕ್ಕಿಂತ ಹೆಚ್ಚು ಗೆರೆ ಇಲ್ಲದಿದ್ದರೆ, ಯಾವ ಚುಕ್ಕೆಯ ಗೆರೆಯೂ ತಿರುಗಿ ಅದಕ್ಕೇ ಬರದಿದ್ದರೆ, ಅದು ಸರಳ ಗ್ರಾಫ್. ಒಂದೇ ಜೋಡಿ ಎರಡು ಸಲ ಆಡುವಂತಿಲ್ಲ ಎಂಬ ನಮ್ಮ ಕಟ್ಟಳೆ ಇದೇ.

ಮೊದಲು ಕೂಡಿಸಿ ನೋಡೋಣ. ಮೊತ್ತ 24. ಪ್ರತಿ ಆಟವೂ ಇಬ್ಬರ ಲೆಕ್ಕದಲ್ಲಿ ಬಂದಿರುವುದರಿಂದ ನಡೆದ ಆಟಗಳು 12. ಮೊತ್ತ ಬೆಸ ಬಂದಿದ್ದರೆ ಯಾರೋ ಒಬ್ಬರು ತಪ್ಪು ಹೇಳಿದ್ದಾರೆ ಎಂದು ಅಲ್ಲೇ ಕೈಬಿಡಬಹುದಿತ್ತು. ಕ್ಯೋನಿಗ್ಸ್‌ಬರ್ಗಿನ ಏಳು ಸೇತುವೆಗಳ ಬಗ್ಗೆ ಬರೆಯುವಾಗ ಆಯ್ಲರ್ 1736ರಷ್ಟು ಹಿಂದೆಯೇ ಗಮನಿಸಿದ ಸಂಗತಿಯಿದು. ಆದರೆ ಸರಿಸಂಖ್ಯೆ ಬಂದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಕೊನೆಯ ಇಬ್ಬರು 2ರ ಬದಲು ತಲಾ 1 ಎಂದಿದ್ದರೆ ಪಟ್ಟಿ 5, 5, 5, 3, 2, 1, 1 ಆಗುತ್ತಿತ್ತು. ಮೊತ್ತ 22, ಅದೂ ಸರಿಸಂಖ್ಯೆಯೇ. ಯಾರೂ 6ಕ್ಕಿಂತ ಹೆಚ್ಚು ಹೇಳಿಲ್ಲ, ಮೇಲ್ನೋಟಕ್ಕೆ ಎರಡೂ ಪಟ್ಟಿ ಒಂದೇ ಥರ ಕಾಣುತ್ತವೆ. ಒಂದು ನಿಜವಾಗಬಹುದು, ಇನ್ನೊಂದು ಖಂಡಿತ ಸುಳ್ಳು.

ಇದನ್ನು ಬೇರ್ಪಡಿಸುವ ಉಪಾಯವನ್ನು 1955ರಲ್ಲಿ ವಾಟ್ಸ್ಲಾವ್ ಹಾವೆಲ್ ಎಂಬ ಗಣಿತಜ್ಞ ಚೆಕ್ ಭಾಷೆಯ ಪುಟ್ಟ ಲೇಖನವೊಂದರಲ್ಲಿ ಬರೆದರು. (ನಾಟಕಕಾರರಾಗಿದ್ದು ಮುಂದೆ ಆ ದೇಶದ ಅಧ್ಯಕ್ಷರೂ ಆದ ಹಾವೆಲ್ ಬೇರೆ, ಇಬ್ಬರದೂ ಒಂದೇ ಹೆಸರು.) ಅದನ್ನು ಅರಿಯದೆ ಅಮೆರಿಕದಲ್ಲಿ ಎಸ್. ಎಲ್. ಹಕೀಮಿ 1962ರಲ್ಲಿ ಅದನ್ನೇ ಮತ್ತೆ ಕಂಡುಕೊಂಡರು. ಹೀಗಾಗಿ ಇದಕ್ಕೆ ಇಬ್ಬರ ಹೆಸರೂ ಸೇರಿ ಹಾವೆಲ್–ಹಕೀಮಿ ವಿಧಾನ ಎನ್ನುತ್ತಾರೆ.

ವಿಧಾನ ಇಷ್ಟೇ: ಅತಿ ದೊಡ್ಡ ಅಂಕಿಯನ್ನು ಪಟ್ಟಿಯಿಂದ ತೆಗೆಯಿರಿ. ಅದು ಎಷ್ಟೋ, ಉಳಿದವುಗಳಲ್ಲಿ ಅಷ್ಟು ದೊಡ್ಡ ಅಂಕಿಗಳಿಂದ ಒಂದೊಂದು ಕಳೆಯಿರಿ. ಮತ್ತೆ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಮತ್ತೆ ಅದನ್ನೇ ಮಾಡಿ. ಕೊನೆಗೆ ಬರೀ ಸೊನ್ನೆಗಳು ಉಳಿದರೆ ಪಟ್ಟಿ ಸರಿ. ನಡುವೆ ಎಲ್ಲಾದರೂ ಕಳೆಯಲು ಸಾಕಷ್ಟು ಅಂಕಿಗಳಿಲ್ಲದೆ ಸಿಕ್ಕಿಬಿದ್ದರೆ ಅಂಥ ಗ್ರಾಫೇ ಇಲ್ಲ.

ನಮ್ಮ ಏಳು ಜನರನ್ನು ಕ, ಗ, ಚ, ಜ, ಟ, ತ, ಪ ಎಂದು ಕರೆಯೋಣ. ಕ, ಗ, ಚ ಮೂವರೂ 5 ಎಂದವರು, ಜ 3 ಎಂದವನು, ಉಳಿದ ಮೂವರು ತಲಾ 2. ಮೊದಲು ಕನನ್ನು ತೆಗೆಯೋಣ. ಅವನ ಐದು ಆಟಗಳನ್ನು ಮುಂದಿನ ಐವರಿಗೆ ಹಂಚುತ್ತೇವೆ: ಗ, ಚ, ಜ, ಟ, ತ. ಈಗ ಅವರ ಬಳಿ ಉಳಿದದ್ದು ಗ 4, ಚ 4, ಜ 2, ಟ 1, ತ 1; ಪನನ್ನು ಮುಟ್ಟಿಲ್ಲ, ಅವನದು ಇನ್ನೂ 2. ಇಲ್ಲಿ ಮತ್ತೆ ಜೋಡಿಸಬೇಕು, ಪ ಮುಂದೆ ಬರುತ್ತಾನೆ: 4, 4, 2, 2, 1, 1. ಎರಡನೇ ಸುತ್ತಿನಲ್ಲಿ ಗನನ್ನು ತೆಗೆದು ಅವನ ನಾಲ್ಕು ಆಟಗಳನ್ನು ಚ, ಜ, ಪ, ಟ ಇವರಿಗೆ ಕೊಡುತ್ತೇವೆ. ಉಳಿದದ್ದು ಚ 3, ಜ 1, ಪ 1, ತ 1, ಟ 0. ಮೂರನೇ ಸುತ್ತಿನಲ್ಲಿ ಚನ ಮೂರು ಆಟ ಜ, ಪ, ತ ಇವರಿಗೆ ಹೋಗುತ್ತವೆ, ಎಲ್ಲವೂ ಸೊನ್ನೆ. ಐದು, ನಾಲ್ಕು, ಮೂರು; ಒಟ್ಟು ಹನ್ನೆರಡು ಆಟ. ಪಟ್ಟಿ ಸಾಧ್ಯ ಎಂದಷ್ಟೇ ಅಲ್ಲ, ಅಂಥ ಒಂದು ಸಂಜೆಯ ಪೂರ್ತಿ ವಿವರವೂ ಕೈಗೆ ಸಿಕ್ಕಿತು.

ಜನ ಎಡವುವುದು ಆ ಮರುಜೋಡಣೆಯಲ್ಲಿ. ಮೊದಲ ಸುತ್ತಾದ ಮೇಲೆ ಪನನ್ನು ಮುಂದೆ ತರದೆ, ಇದ್ದ ಸಾಲಿನಲ್ಲೇ ಮುಂದುವರಿದರೆ ಏನಾಗುತ್ತದೆ ನೋಡಿ. ಗನ ನಾಲ್ಕು ಆಟ ಚ, ಜ, ಟ, ತ ಇವರಿಗೆ ಹೋಗುತ್ತವೆ. ಉಳಿಯುವುದು ಚ 3, ಜ 1, ಪ 2. ಚನಿಗೆ ಮೂವರು ಬೇಕು, ಇರುವುದು ಇಬ್ಬರೇ. ಸರಿಯಾದ ಪಟ್ಟಿಯನ್ನು ತಪ್ಪೆಂದು ಹೇಳಿ ಎದ್ದುಬಿಡುತ್ತೇವೆ. ಕೈಯಲ್ಲಿ ಲೆಕ್ಕ ಮಾಡುವವರಿಗೂ ಪ್ರೋಗ್ರಾಂ ಬರೆಯುವವರಿಗೂ ಈ ತಪ್ಪು ಸಮಾನ.

ಈಗ ಎರಡನೇ ಪಟ್ಟಿ, 5, 5, 5, 3, 2, 1, 1. ಮೊದಲ ಸುತ್ತಿನ ನಂತರ 4, 4, 2, 1, 1, 0. ಎರಡನೆಯದರ ನಂತರ 3, 1, 0, 0, 0. ಒಬ್ಬನಿಗೆ ಇನ್ನೂ ಮೂರು ಆಟ ಬಾಕಿ, ಆಡಲು ಉಳಿದವನು ಒಬ್ಬನೇ. ಪಟ್ಟಿ ಬಿತ್ತು. ಏಕೆ ಬಿತ್ತು ಎಂದು ಬೇರೆ ದಾರಿಯಿಂದಲೂ ನೋಡಬಹುದು. ಮೇಲಿನ ಮೂವರ ಲೆಕ್ಕ ಒಟ್ಟು 15. ಅವರವರೇ ಆಡಿಕೊಂಡರೆ ಹೆಚ್ಚೆಂದರೆ ಮೂರು ಆಟ, ಅಂದರೆ ಅವರ ಲೆಕ್ಕದಲ್ಲಿ 6. ಕೆಳಗಿನ ನಾಲ್ವರು ತಮ್ಮ ಎಲ್ಲ ಆಟಗಳನ್ನೂ ಈ ಮೂವರ ಜೊತೆಯೇ ಆಡಿದರೂ 3, 2, 1, 1 ಸೇರಿ 7. ಎರಡೂ ಕೂಡಿ 13, ಬೇಕಾದದ್ದು 15. ಹೀಗೆ ಮೇಲಿನವರ ಬೇಡಿಕೆಯನ್ನು ಕೆಳಗಿನವರು ಪೂರೈಸಬಲ್ಲರೇ ಎಂದು ಅಳೆಯುವ ನಿಯಮವನ್ನು 1960ರಲ್ಲಿ ಹಂಗೇರಿಯ ಪಾಲ್ ಎರ್ಡೋಶ್ ಮತ್ತು ಟಿಬೋರ್ ಗಲ್ಲಾಯ್ ಕೊಟ್ಟರು. ಮೊದಲ ಪಟ್ಟಿಯಲ್ಲಿ ಇದೇ ಲೆಕ್ಕ ಹಾಕಿದರೆ 6 ಮತ್ತು 9 ಕೂಡಿ ಸರಿಯಾಗಿ 15. ಅಂಚಿನಲ್ಲಿ ನಿಂತು ಪಾಸಾದ ಪಟ್ಟಿ ಅದು.

ಆದರೂ ಒಂದು ಅನುಮಾನ ಉಳಿಯುತ್ತದೆ, ನನಗಂತೂ ಮೊದಲ ಸಲ ಓದಿದಾಗ ಅದು ಬಿಡಲೇ ಇಲ್ಲ. ಕನ ಆಟಗಳನ್ನು ದೊಡ್ಡ ಅಂಕಿಯವರಿಗೇ ಹಂಚಿದ್ದು ನಾವು. ನಿಜವಾಗಿ ಅವನು ಚಿಕ್ಕವರ ಜೊತೆ ಆಡಿದ್ದಿರಬಹುದಲ್ಲ? ನಮ್ಮ ಹಂಚಿಕೆ ಸೋತರೆ ಇನ್ನೊಂದು ಹಂಚಿಕೆ ಗೆಲ್ಲಲಾರದು ಎನ್ನಲು ಏನು ಆಧಾರ?

ಆಧಾರ ಒಂದು ಅದಲುಬದಲು. ಯಾವುದೋ ಒಂದು ನಿಜವಾದ ಸಂಜೆಯಲ್ಲಿ ಕ, ಹೆಚ್ಚು ಅಂಕಿಯ ರನ ಜೊತೆ ಆಡಿಲ್ಲ, ಕಡಿಮೆ ಅಂಕಿಯ ಲನ ಜೊತೆ ಆಡಿದ್ದಾನೆ ಎಂದಿಟ್ಟುಕೊಳ್ಳಿ. ರ ಮತ್ತು ಲ ತಮ್ಮತಮ್ಮಲ್ಲಿ ಆಡಿದ್ದರೆ ಅದು ಇಬ್ಬರ ಲೆಕ್ಕದಲ್ಲೂ ಒಂದೊಂದು, ಅದನ್ನು ಬದಿಗಿಡೋಣ. ಉಳಿದ ಆಟಗಳಲ್ಲಿ ಲನಿಗೆ ಕ ಸಿಕ್ಕಿದ್ದಾನೆ, ರನಿಗೆ ಸಿಕ್ಕಿಲ್ಲ. ಆದರೂ ರನ ಲೆಕ್ಕ ಲನದಕ್ಕಿಂತ ಕಡಿಮೆಯಿಲ್ಲ. ಅಂದಮೇಲೆ ರನ ಜೊತೆ ಆಡಿ, ಲನ ಜೊತೆ ಆಡದ ಒಬ್ಬ ಇರಲೇಬೇಕು, ಅವನು ಸ. ಈಗ ಕ–ಲ ಮತ್ತು ರ–ಸ ಎಂಬ ಎರಡು ಆಟಗಳನ್ನು ಅಳಿಸಿ, ಕ–ರ ಮತ್ತು ಲ–ಸ ಎಂದು ಬರೆಯಿರಿ. ನಾಲ್ವರಲ್ಲಿ ಯಾರ ಅಂಕಿಯೂ ಬದಲಾಗಲಿಲ್ಲ, ಯಾವ ಜೋಡಿಯೂ ಎರಡು ಸಲ ಆಡಲಿಲ್ಲ, ಕ ಮಾತ್ರ ಚಿಕ್ಕವನನ್ನು ಬಿಟ್ಟು ದೊಡ್ಡವನ ಕಡೆ ಸರಿದ. ಹೀಗೆ ಒಂದೊಂದೇ ಬದಲಿಸುತ್ತ ಹೋದರೆ ಯಾವ ಸಂಜೆಯನ್ನಾದರೂ ನಮ್ಮ ಹಂಚಿಕೆಗೆ ತರಬಹುದು. ಹಾಗಾಗಿ ನಮ್ಮ ಹಂಚಿಕೆ ಸೋತರೆ ಬೇರೆ ಯಾವುದೂ ಇರಲಿಲ್ಲ ಎಂದೇ ಅರ್ಥ.

ಈ ಅದಲುಬದಲಿನಲ್ಲಿ ಕನ ಅಂಕಿ ಎಷ್ಟು ಎಂದು ನಾವು ಎಲ್ಲೂ ಕೇಳಲಿಲ್ಲ, ಗಮನಿಸಿದಿರಾ? ದೊಡ್ಡದನ್ನೇ ಮೊದಲು ತೆಗೆಯಬೇಕೆಂಬುದು ಅನುಕೂಲದ ಮಾತು. ಯಾರನ್ನು ಬೇಕಾದರೂ ತೆಗೆಯಬಹುದು. ಹಂಚುವುದು ಮಾತ್ರ ಉಳಿದವರಲ್ಲಿ ದೊಡ್ಡವರಿಗೇ ಆಗಬೇಕು. 2, 2, 1, 1 ಎಂಬ ಪುಟ್ಟ ಪಟ್ಟಿಯಲ್ಲಿ ಮೊದಲ 2ನ್ನು ತೆಗೆದು ಎರಡು 1ಗಳಿಂದ ಕಳೆದು ನೋಡಿ. 2, 0, 0 ಉಳಿದು ದಾರಿ ಮುಚ್ಚುತ್ತದೆ. ನಾಲ್ಕು ಚುಕ್ಕೆಗಳನ್ನು ಸಾಲಾಗಿ ಮೂರು ಗೆರೆಯಿಂದ ಜೋಡಿಸಿದರೆ ಆ ಪಟ್ಟಿ ಬರುತ್ತದೆ ಎಂಬುದು ಕಣ್ಣಿಗೇ ಕಾಣುವಾಗಲೂ!

ವಿಧಾನ ಕೊಡುವುದು ಸಾಧ್ಯವಾದ ಒಂದು ಚಿತ್ರ, ನಡೆದುಹೋದ ಚಿತ್ರವಲ್ಲ. ಆರು ಜನ ತಲಾ ಇಬ್ಬರ ಜೊತೆ ಆಡಿದರು ಎಂದರೆ, ಆರೂ ಜನರ ಒಂದೇ ಬಳೆಯೂ ಆಗಬಹುದು, ಮೂವರು ಮೂವರ ಎರಡು ತ್ರಿಕೋನಗಳೂ ಆಗಬಹುದು. ಅಂಕಿಗಳು ಎರಡಕ್ಕೂ ಒಂದೇ. ನಾವು ಸಮಬಲದವರಲ್ಲಿ ಯಾರನ್ನು ಮೊದಲು ಆರಿಸಿದೆವು ಎನ್ನುವುದರ ಮೇಲೆ ಒಂದೋ ಇನ್ನೊಂದೋ ಬರುತ್ತದೆ.

ನಮ್ಮ ಭಾನುವಾರಕ್ಕೂ ಈ ಮಾತು ಅನ್ವಯಿಸುತ್ತದೆ. ಪಟ್ಟಿ ಅಂಚಿನಲ್ಲಿ ಪಾಸಾದದ್ದರಿಂದ ಕೆಲವು ವಿಷಯ ಖಚಿತ: ಕ, ಗ, ಚ ತಮ್ಮತಮ್ಮಲ್ಲಿ ಆಡಲೇಬೇಕು, ಜ ಆ ಮೂವರ ಜೊತೆಯೂ ಆಡಲೇಬೇಕು, ಕೆಳಗಿನ ನಾಲ್ವರು ಒಬ್ಬರಿಗೊಬ್ಬರು ಆಡಿರಲು ಸಾಧ್ಯವೇ ಇಲ್ಲ. ಉಳಿದ ಗುಟ್ಟು ಒಂದೇ. ಮೇಲಿನ ಮೂವರೂ ಟ, ತ, ಪ ಇವರಲ್ಲಿ ಒಬ್ಬೊಬ್ಬರನ್ನು ಬಿಟ್ಟಿದ್ದಾರೆ, ಇಬ್ಬರು ಒಬ್ಬನನ್ನೇ ಬಿಟ್ಟಿಲ್ಲ. ಅದಕ್ಕೆ ಆರು ಬಗೆ. ನಮ್ಮ ಲೆಕ್ಕದಲ್ಲಿ ಕ ಬಿಟ್ಟದ್ದು ಪನನ್ನು, ಗ ತನನ್ನು, ಚ ಟನನ್ನು. ನಿಜ ಬೇಕಿದ್ದರೆ ಕ ಮತ್ತು ಗ ಇಬ್ಬರಿಗೆ ಮತ್ತೊಮ್ಮೆ ಫೋನ್ ಮಾಡಿ, "ಯಾರ ಜೊತೆ ಆಡಲಿಲ್ಲ?" ಎಂದು ಕೇಳಬೇಕು. ಚನಿಗೆ ಫೋನ್ ಮಾಡುವ ಅಗತ್ಯವಿಲ್ಲ.