ಹಾಸ್ಟೆಲಿನ ಕಥೆ ಹೇಳುವವನು ಯಾರು?

ಹಾಸ್ಟೆಲಿನಲ್ಲಿ ಬೆಳೆದು ಮುಂದೆ ಕಥೆ ಬರೆಯಲು ಕೂತವರಿಗೆ ಸಾಮಗ್ರಿಯ ಕೊರತೆ ಇರುವುದಿಲ್ಲ. ಹೆಸರು ಬರೆದ ಟ್ರಂಕು, ತಟ್ಟೆ ಲೋಟ ಹಿಡಿದು ನಿಂತ ಸಾಲು, ನೀರಾದ ಸಾರು, ರಾತ್ರಿಯ ಹಾಜರಿ, ಭಾನುವಾರ ಗೇಟಿನ ಬಳಿ ಊರವರಿಗಾಗಿ ಕಾಯುವುದು, ಎಲ್ಲವೂ ನೆನಪಿನಲ್ಲಿ ಸಿದ್ಧವಾಗಿರುತ್ತದೆ. ತೊಡಕು ಬರುವುದು ಮೊದಲ ವಾಕ್ಯಕ್ಕೆ. ‘ಅಪ್ಪ ನನ್ನನ್ನು ಹಾಸ್ಟೆಲಿಗೆ ಬಿಟ್ಟು ಬಸ್ಸು ಹತ್ತಿದ’ ಎಂದು ಶುರುಮಾಡಬೇಕೋ, ‘ಅಪ್ಪ ಮಂಜನನ್ನು ಹಾಸ್ಟೆಲಿಗೆ ಬಿಟ್ಟು ಬಸ್ಸು ಹತ್ತಿದ’ ಎಂದೋ?

ಮೊದಲನೆಯದರಲ್ಲಿ ‘ನಾನು’ ಕಥೆ ಹೇಳುತ್ತದೆ. ಎರಡನೆಯದರಲ್ಲಿ ‘ಅವನು’ ಎಂದಿದ್ದರೂ ನಿರೂಪಕ ಮಂಜನ ಬೆನ್ನು ಬಿಡುವುದಿಲ್ಲ. ಮಂಜ ನೋಡಿದ್ದನ್ನು ಮಾತ್ರ ನೋಡುತ್ತಾನೆ, ಮಂಜನಿಗೆ ತಿಳಿದಷ್ಟನ್ನೇ ಹೇಳುತ್ತಾನೆ. ವಾರ್ಡನ್ ಮನಸ್ಸಿನಲ್ಲಿ ಏನಿತ್ತು, ಅಡುಗೆಯವನು ಯಾಕೆ ಮುನಿದ ಎಂಬುದೆಲ್ಲ ಅವನಿಗೂ ಗೊತ್ತಿಲ್ಲ. ಹಾಗಿದ್ದರೆ ಎರಡೂ ಒಂದೇ ತಾನೇ, ಸರ್ವನಾಮ ಬದಲಾಯಿತು ಅಷ್ಟೇ ಎಂದು ಹೊಸಬರಿಗೆ ಅನಿಸುತ್ತದೆ. ಕಷ್ಟದ ಒಂದು ಸನ್ನಿವೇಶವನ್ನು ಎರಡೂ ಬಗೆಯಲ್ಲಿ ಬರೆದು ನೋಡಿದರೆ ಆ ಅನಿಸಿಕೆ ಉಳಿಯುವುದಿಲ್ಲ.

ಒಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳೋಣ. ಚಿತ್ರದುರ್ಗದ ಕಡೆಯ ಒಂದು ತಾಲ್ಲೂಕು ಊರು, ಹುಡುಗರ ಹಾಸ್ಟೆಲು. ಮಂಜನಿಗೆ 11 ವರ್ಷ, ಆರನೇ ಕ್ಲಾಸು. ಪಕ್ಕದ ಚಾಪೆಯವನು ಬಸ್ಯ. ಹತ್ತನೇ ಕ್ಲಾಸಿನ ಹುಡುಗನೊಬ್ಬ ಪರೀಕ್ಷೆ ಫೀಸಿಗೆಂದು ಟ್ರಂಕಿನಲ್ಲಿಟ್ಟಿದ್ದ ದುಡ್ಡು ರಾತ್ರಿ ಕಳುವಾಗಿದೆ. ಬೆಳಿಗ್ಗೆ ವಾರ್ಡನ್ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ್ದಾರೆ. ಬಸ್ಯ ನಡುರಾತ್ರಿ ಎದ್ದು ಓಡಾಡಿದ್ದನ್ನು ಯಾರೋ ಕಂಡಿದ್ದಾರೆ, ಅನುಮಾನ ಅವನ ಮೇಲೆ. ಅವನು ಎದ್ದದ್ದು ಯಾಕೆಂದು ಮಂಜನಿಗೆ ಮಾತ್ರ ಗೊತ್ತು: ಬಸ್ಯ ನಿದ್ದೆಯಲ್ಲಿ ಚಾಪೆ ಒದ್ದೆ ಮಾಡಿಕೊಂಡು, ಅದನ್ನು ತೊಳೆಯಲು ಹಿತ್ತಲಿನ ನಲ್ಲಿಗೆ ಹೋಗಿದ್ದ. ಮಂಜ ಬಾಯಿ ಬಿಟ್ಟರೆ ಗೆಳೆಯನಿಗೆ ಏಟು ತಪ್ಪುತ್ತದೆ, ಆದರೆ ಇಡೀ ಹಾಸ್ಟೆಲು ಅವನನ್ನು ಆಡಿಕೊಂಡು ನಗುತ್ತದೆ. ಮಂಜ ಸುಮ್ಮನಿರುತ್ತಾನೆ.

ಇದನ್ನು ‘ನಾನು’ ಹೇಳಿದರೆ ಸಹಜವಾಗಿ ಹೀಗೆ ಬರುತ್ತದೆ:

‘ಬಸ್ಯ ಯಾಕೆ ಎದ್ದಿದ್ದ ಅಂತ ನನಗೆ ಗೊತ್ತಿತ್ತು. ಹೇಳಿದ್ದರೆ ಅವನಿಗೆ ಏಟು ತಪ್ಪುತ್ತಿತ್ತು. ಹೇಳಲಿಲ್ಲ. ಅವನ ಮಾನ ಉಳಿಸಲಿಕ್ಕೇ ಸುಮ್ಮನಿದ್ದೆ ಅಂತ ಎಷ್ಟೋ ವರ್ಷ ನಂಬಿಕೊಂಡಿದ್ದೆ.’

ಕೆಟ್ಟ ಬರವಣಿಗೆಯೇನಲ್ಲ. ಆದರೆ ಕೊನೆಯ ವಾಕ್ಯದಲ್ಲಿ ಮಾತಾಡುತ್ತಿರುವವನಿಗೆ 11 ವರ್ಷವಲ್ಲ. ನಲವತ್ತರ ಗಂಡಸೊಬ್ಬ ಹಿಂದಿರುಗಿ ನೋಡುತ್ತಿದ್ದಾನೆ. ‘ನಂಬಿಕೊಂಡಿದ್ದೆ’ ಎಂದ ಕೂಡಲೇ ಆ ನಂಬಿಕೆ ಸುಳ್ಳೆಂದು ಅವನೇ ತೀರ್ಪು ಕೊಟ್ಟಾಯಿತು, ಮೌನಕ್ಕೆ ಕಾರಣ ಹೆದರಿಕೆ ಎಂದು ಓದುಗನಿಗೂ ತಿಳಿದುಹೋಯಿತು. ಸಾಲಿನಲ್ಲಿ ಮಂಜನ ಪಕ್ಕ ನಿಂತಿದ್ದ ಓದುಗ ಈಗ ಆ ಗಂಡಸಿನ ಎದುರು ಕುರ್ಚಿ ಎಳೆದು ಕೂತಿದ್ದಾನೆ.

ಇದು ಬೇಕಾಗಿದ್ದರೆ ಸರಿಯೇ. ಕಝುವೊ ಇಶಿಗುರೊ 2005ರಲ್ಲಿ ಪ್ರಕಟಿಸಿದ ‘ನೆವರ್ ಲೆಟ್ ಮಿ ಗೋ’ ಕಾದಂಬರಿಯಲ್ಲಿ 31 ವರ್ಷದ ಕ್ಯಾಥಿ ತಾನು ಬೆಳೆದ ಹೇಲ್‌ಶಾಮ್ ಎಂಬ ವಸತಿ ಶಾಲೆಯನ್ನು ನೆನೆಯುತ್ತಾಳೆ. ಅಲ್ಲಿ ನಮ್ಮನ್ನು ಹಿಡಿದಿಡುವುದು ಶಾಲೆಯಲ್ಲಿ ಏನಾಯಿತು ಎಂಬುದಕ್ಕಿಂತ ಅವಳು ಅದನ್ನು ಹೇಗೆ ನೆನೆಯುತ್ತಾಳೆ, ಎಲ್ಲಿ ತಡವರಿಸುತ್ತಾಳೆ, ಯಾವುದನ್ನು ಮೆತ್ತಗೆ ದಾಟಿಸುತ್ತಾಳೆ ಎಂಬುದು. ‘ಅವಳು’ ಎಂದು ಬರೆದಿದ್ದರೆ ಆ ಕಾದಂಬರಿಯೇ ಇರುತ್ತಿರಲಿಲ್ಲ.

‘ನಾನು’ ಎಂದೂ ಹೇಳಿ, ದೊಡ್ಡವನ ತಿಳಿವಳಿಕೆಯನ್ನೂ ಒಳಗೆ ಬಿಡದಿರುವ ದಾರಿ ಇನ್ನೊಂದಿದೆ. ಯು.ಆರ್. ಅನಂತಮೂರ್ತಿಯವರ ‘ಘಟಶ್ರಾದ್ಧ’ವನ್ನು ನೆನಪಿಸಿಕೊಳ್ಳಿ. ಅದು ಹಾಸ್ಟೆಲಿನ ಕಥೆಯಲ್ಲ, ಆದರೆ ಮನೆ ಬಿಟ್ಟು ವೇದಪಾಠಕ್ಕೆಂದು ಉಡುಪರ ಮನೆಯಲ್ಲಿ ಉಳಿದ ಹುಡುಗನ ಕಥೆ. ಅವನೇ ನಿರೂಪಕ. ವಿಧವೆ ಯಮುನಕ್ಕನಿಗೆ ಏನಾಗಿದೆ ಎಂಬುದು ಅವನಿಗೆ ಪೂರ್ತಿ ತಿಳಿಯುವ ಮೊದಲೇ ಓದುಗನಿಗೆ ತಿಳಿಯುತ್ತದೆ. ಕಥೆಯ ಸಂಕಟವೆಲ್ಲ ಹುಡುಗ ಕಂಡದ್ದಕ್ಕೂ ನಮಗೆ ಅರ್ಥವಾದದ್ದಕ್ಕೂ ನಡುವಿನ ಆ ಜಾಗದಲ್ಲಿದೆ.

ಮಂಜನಿಗೆ ಈ ದಾರಿ ಒಗ್ಗುವುದಿಲ್ಲ, ಯಾಕೆಂದರೆ ಅವನಿಗೆ ಗುಟ್ಟು ಗೊತ್ತು. ತಿಳಿಯದ್ದು ತನ್ನದೇ ಮನಸ್ಸು. ಅದನ್ನು ಹುಡುಗನ ಬಾಯಿಂದಲೇ ಹೇಳಿಸಹೊರಟರೆ ಅವನು ವಯಸ್ಸಿಗೆ ಮೀರಿದ ಜಾಣನಾಗಿಬಿಡುತ್ತಾನೆ.

ಈಗ ಎರಡನೆಯ ಬಗೆ:

‘ವಾರ್ಡನ್ ಒಬ್ಬೊಬ್ಬರ ಮುಖ ನೋಡುತ್ತ ಬಂದರು. ಮಂಜ ತಲೆ ತಗ್ಗಿಸಿದ. ಚಾಪೆ ಇನ್ನೂ ಹಿತ್ತಲ ಗೋಡೆಯ ಮೇಲೇ ಇತ್ತು. ಹೇಳಿದರೆ ಎಲ್ಲರೂ ಅದನ್ನು ನೋಡಲು ಓಡುತ್ತಾರೆ. ತನ್ನನ್ನು ಯಾರೂ ಕೇಳಲಿಲ್ಲವಲ್ಲ. ಕೇಳಿದರೆ ಹೇಳಿದರಾಯಿತು. ಬೆತ್ತದ ಸದ್ದು ಕೇಳಿಸಿತು. ತಾನಂತೂ ಟ್ರಂಕು ಮುಟ್ಟಿಲ್ಲ. ವಾರ್ಡನ್ ಬೆತ್ತ ಕೈ ಬದಲಾಯಿಸಿಕೊಂಡ.’

‘ಕೇಳಿದರೆ ಹೇಳಿದರಾಯಿತು’ ಎಂದವರು ಯಾರು? ವ್ಯಾಕರಣದಲ್ಲಿ ಅದು ನಿರೂಪಕನ ವಾಕ್ಯ, ದನಿ ಮಾತ್ರ ಮಂಜನದು. ಉದ್ಧರಣ ಚಿಹ್ನೆಯಿಲ್ಲ, ‘ಎಂದುಕೊಂಡ’ ಎಂಬ ಬಾಲವಿಲ್ಲ. ಮಂಜ ತನಗೆ ತಾನೇ ನೆಪ ಹೇಳಿಕೊಳ್ಳುವುದು ನಮಗೆ ಕೇಳಿಸುತ್ತದೆ, ಅದು ನೆಪವೆಂದು ಯಾರೂ ನಮಗೆ ಹೇಳುವುದಿಲ್ಲ. ಗೆಳೆಯನ ಮಾನದ ಚಿಂತೆಯೂ ಇದೆ, ಹೆದರಿಕೆಯೂ ಇದೆ, ಯಾವುದು ಎಷ್ಟು ಎಂಬ ಲೆಕ್ಕ ತೀರಿಲ್ಲ. 11 ವರ್ಷದವನ ತಲೆಯಲ್ಲೂ ಅದು ತೀರಿರಲಾರದು.

ಈ ಬಗೆಯ ಬರವಣಿಗೆಗೆ ಕನ್ನಡದಲ್ಲಿ ಎರಡು ಅನುಕೂಲಗಳಿವೆ. ಒಂದು ‘ತಾನು’. ಹುಡುಗರ ಹಾಸ್ಟೆಲೆಂದರೆ ಪುಟದ ತುಂಬ ‘ಅವನು’ಗಳ ಗುಂಪು: ಬಸ್ಯನೂ ಅವನು, ದುಡ್ಡು ಕಳಕೊಂಡವನೂ ಅವನು, ಮಂಜನೂ ಅವನು. ‘ತಾನು’, ‘ತನ್ನ’ ಎಂದಾಗ ಮಾತ್ರ ಅದು ಯಾರ ಮನಸ್ಸಿನೊಳಗೆ ನಾವಿದ್ದೇವೋ ಅವನಿಗೆ ಅಂಟಿಕೊಳ್ಳುತ್ತದೆ. ಮಂಜನ ಹೆಸರನ್ನು ಸಾಲುಸಾಲಿಗೂ ಎಳೆದು ತರಬೇಕಿಲ್ಲ.

ಇನ್ನೊಂದು ಅನುಕೂಲ ಕ್ರಿಯಾಪದದ ಕೊನೆಯಲ್ಲಿ ಕೂತಿದೆ. ಮೊದಲ ವಾಕ್ಯದಲ್ಲಿ ವಾರ್ಡನ್ ‘ಬಂದರು’, ಕೊನೆಯಲ್ಲಿ ‘ಬದಲಾಯಿಸಿಕೊಂಡ’. ನಡುವೆ ಬೆತ್ತದ ಸದ್ದು. ಮಂಜನೊಳಗಿನ ಗೌರವ ಅಲ್ಲಿ ಕಳಚಿ ಬಿತ್ತು, ಅದಕ್ಕಾಗಿ ‘ಅವನಿಗೆ ಅಸಹ್ಯವಾಯಿತು’ ಎಂದು ಬರೆಯಬೇಕಾಗಲಿಲ್ಲ. ಹಾಸ್ಟೆಲಿನ ಹುಡುಗರು ಎದುರಿಗೆ ‘ಬಂದ್ರು’, ಹಿಂದಿನಿಂದ ‘ಬಂದ ನೋಡು’ ಅನ್ನುವುದು ಎಲ್ಲರಿಗೂ ಗೊತ್ತು. ‘ನಾನು’ ಕಥೆಯಲ್ಲೂ ಈ ತಿರುವನ್ನು ತರಬಹುದು, ಆದರೆ ಅಲ್ಲಿ ದೊಡ್ಡವನಾದ ನಿರೂಪಕನ ಸಭ್ಯತೆ ಅಡ್ಡ ಬರುತ್ತದೆ. ಒಂದು ಎಚ್ಚರಿಕೆ ಬೇಕು. ಕಥೆಯಲ್ಲಿ ಅಲ್ಲಿಯವರೆಗೆ ಒಂದು ಕಡೆಯೂ ತಪ್ಪದೆ ಬಹುವಚನ ಬಳಸಿದ್ದರೆ ಮಾತ್ರ ಈ ಏಕವಚನ ಕಿವಿಗೆ ಬಡಿಯುತ್ತದೆ. ಮೊದಲೇ ಎರಡನ್ನೂ ಕಲಸಿ ಬರೆದಿದ್ದರೆ ಓದುಗ ಇದನ್ನು ಕರಡು ತಿದ್ದಿದವರ ಕಣ್ತಪ್ಪು ಅಂದುಕೊಳ್ಳುತ್ತಾನೆ.

ಈ ಬಗೆ ಕೆಡುವುದೂ ಸುಲಭ. ‘ಮಂಜನ ಮುಗ್ಧ ಕಣ್ಣುಗಳಲ್ಲಿ ಭಯ ತುಂಬಿತ್ತು’ ಎಂದು ಬರೆದಿರೋ, ಕೆಲಸ ಕೆಟ್ಟಿತು. ಮಂಜನಿಗೆ ತನ್ನ ಕಣ್ಣು ಕಾಣುವುದಿಲ್ಲ, ಯಾವ ಹುಡುಗನೂ ತನ್ನನ್ನು ಮುಗ್ಧನೆಂದು ತಿಳಿದಿರುವುದಿಲ್ಲ. ‘ಆ ಪುಟ್ಟ ಹುಡುಗ’, ‘ಆ ಎಳೆಯ ಮನಸ್ಸು’ ಎಂಬ ಮಾತುಗಳೂ ಹಾಗೆಯೇ. ನಿರೂಪಕ ಮಂಜನ ಪಕ್ಕದಿಂದ ಎದ್ದು ದೂರ ನಿಂತು ಮರುಗುತ್ತಿದ್ದಾನೆ. ಪತ್ತೆ ಹಚ್ಚಲು ಹಳೆಯ ಉಪಾಯವೊಂದಿದೆ. ‘ಮಂಜ’, ‘ತಾನು’ ಇದ್ದಲ್ಲೆಲ್ಲ ‘ನಾನು’ ಹಾಕಿ, ಕ್ರಿಯಾಪದ ಬದಲಿಸಿ ಓದಿ. ‘ನಾನು ತಲೆ ತಗ್ಗಿಸಿದೆ’ ಸರಿಹೋಗುತ್ತದೆ. ‘ನನ್ನ ಮುಗ್ಧ ಕಣ್ಣುಗಳಲ್ಲಿ’ ಎಂಬುದು ನಗೆ ತರಿಸುತ್ತದೆ. ನಗೆ ಬಂದ ಕಡೆ ಬರಹ ಮಂಜನನ್ನು ಬಿಟ್ಟು ಹೊರಗೆ ಹೋಗಿದೆ.

‘ನಾನು’ ಕಥೆಯ ರೋಗಲಕ್ಷಣಗಳು ಬೇರೆ. ‘ಆಗ ನನಗೆ ಗೊತ್ತಿರಲಿಲ್ಲ’ ಎಂಬ ವಾಕ್ಯ ಎರಡು ಮೂರು ಪುಟಕ್ಕೊಮ್ಮೆ ತಲೆ ಹಾಕತೊಡಗಿದರೆ, ಬರೆಯುವವರಿಗೆ ಹುಡುಗನ ವಯಸ್ಸಿನಲ್ಲಿ ನಿಲ್ಲಲಾಗುತ್ತಿಲ್ಲ ಎಂದರ್ಥ. ನಿರೂಪಕ ಪದೇ ಪದೇ ವಾರ್ಡನ್ ಕೋಣೆಯ ಕಿಟಕಿಗೆ ಕಿವಿಗೊಡುತ್ತಿದ್ದರೆ, ಕಥೆಗೆ ಬೇಕಾದ ವಿಷಯ ಅವನಿಗೆ ಸಹಜವಾಗಿ ಸಿಗುತ್ತಿಲ್ಲ. ಎರಡನೆಯದಕ್ಕೆ ಹಾಸ್ಟೆಲೇ ಮದ್ದು ಕೊಡುತ್ತದೆ: ‘ವಾರ್ಡನ್ ಹೇಳಿದರಂತೆ’, ‘ಅವನನ್ನು ಊರಿಗೆ ಕಳಿಸುತ್ತಾರಂತೆ’. ಹುಡುಗರ ಲೋಕ ನಡೆಯುವುದೇ ಆ ‘ಅಂತೆ’ಗಳ ಮೇಲೆ. ಕದ್ದು ಕೇಳಿಸುವುದಕ್ಕಿಂತ ಗಾಳಿಸುದ್ದಿಯಾಗಿ ಬರಲಿ. ಅದು ಅರ್ಧ ಸುಳ್ಳಾಗಿದ್ದರೆ ಇನ್ನೂ ಒಳ್ಳೆಯದು.

‘ನಾನು’ ಕಥೆಗೆ ಸಿಗುವ, ‘ಅವನು’ ಕಥೆಗೆ ಸಿಗದ ಒಂದು ದೊಡ್ಡ ಲಾಭವೂ ಇದೆ: ‘ನಾವು’. ನಾವು ಎದ್ದೆವು, ನಾವು ತಟ್ಟೆ ತೊಳೆದೆವು, ಅಡುಗೆಯವನಿಗೆ ಅಡ್ಡಹೆಸರಿಟ್ಟೆವು. ಹಾಸ್ಟೆಲಿನ ಬದುಕು ಬಹುಪಾಲು ಈ ‘ನಾವು’. ಆ ದಿನ ಬೆಳಿಗ್ಗೆ ‘ನಾವು ಸಾಲಾಗಿ ನಿಂತೆವು’ ಎಂದವನು ಮುಂದಿನ ವಾಕ್ಯದಲ್ಲಿ ‘ನನಗೆ ಗೊತ್ತಿತ್ತು’ ಎನ್ನುವಾಗ ಗುಂಪಿನಿಂದ ಒಬ್ಬ ಕಳಚಿಕೊಳ್ಳುವುದು ಕಣ್ಣಿಗೆ ಕಾಣುತ್ತದೆ. ನಿಮ್ಮ ಕಥೆಯ ಜೀವ ಆ ಕಳಚಿಕೊಳ್ಳುವಿಕೆಯಲ್ಲೇ ಇದ್ದರೆ ‘ನಾನು’ವನ್ನು ಬಿಟ್ಟುಕೊಡಬೇಡಿ. ಆಗ ಒಂದು ಬೆಲೆ ತೆರಬೇಕಾಗುತ್ತದೆ. ಸಿದ್ಧಲಿಂಗಯ್ಯನವರ ‘ಊರು ಕೇರಿ’, ಅರವಿಂದ ಮಾಲಗತ್ತಿಯವರ ‘ಗವರ್ನಮೆಂಟ್ ಬ್ರಾಹ್ಮಣ’ದಂಥ ಆತ್ಮಕಥೆಗಳನ್ನು ಓದಿದ ಕನ್ನಡದ ಓದುಗ, ಬಾಲ್ಯ ಮತ್ತು ಶಾಲೆ ಸೇರಿದ ಕಡೆ ‘ನಾನು’ ಕಂಡರೆ ಅದು ಲೇಖಕನದೇ ಬದುಕು ಎಂದುಕೊಳ್ಳುತ್ತಾನೆ. ‘ಆಮೇಲೆ ಬಸ್ಯ ಏನಾದ ಸಾರ್?’ ಎಂಬ ಪ್ರಶ್ನೆ ಬಂದೇ ಬರುತ್ತದೆ.

ಎರಡೂ ಬೇಕು ಎನ್ನುವವರು ಜೇಮ್ಸ್ ಜಾಯ್ಸ್‌ನನ್ನು ನೋಡಬಹುದು. 1914ರ ‘ಡಬ್ಲಿನರ್ಸ್’ ಸಂಕಲನದ ಮೊದಲ ಮೂರು ಕಥೆಗಳು ಬಾಲ್ಯದವು, ಮೂರರಲ್ಲೂ ‘ನಾನು’. 1916ರಲ್ಲಿ ಪುಸ್ತಕವಾಗಿ ಬಂದ ‘ಎ ಪೋರ್ಟ್ರೇಟ್ ಆಫ್ ದಿ ಆರ್ಟಿಸ್ಟ್ ಆಸ್ ಎ ಯಂಗ್ ಮ್ಯಾನ್’ ಕಾದಂಬರಿ ಐರ್ಲೆಂಡಿನ ಕ್ಲಾಂಗೋಸ್ ವಸತಿ ಶಾಲೆಯ ಹುಡುಗ ಸ್ಟೀಫನ್‌ನದು, ಅಲ್ಲಿ ‘ಅವನು’. ಹುಡುಗ ಬೆಳೆದಂತೆ ವಾಕ್ಯಗಳೂ ಬೆಳೆಯುತ್ತವೆ. ಶುರುವಿನಲ್ಲಿ ತೊದಲು, ಆಮೇಲೆ ಶಾಲಾಬಾಲಕನ ಲೆಕ್ಕಾಚಾರ, ಮುಂದೆ ತರುಣನ ವಾದ. ಕೊನೆಯ ಕೆಲವು ಪುಟಗಳು ಸ್ಟೀಫನ್‌ನ ದಿನಚರಿ, ಅಲ್ಲಿಗೆ ಬಂದಾಗಷ್ಟೇ ‘ನಾನು’. ಇದು ಕಾದಂಬರಿಯ ಉದ್ದಕ್ಕೆ ಸಲ್ಲುವ ಆಟ. ವಿಶೇಷಾಂಕಕ್ಕೆ ಕಳಿಸುವ ಎಂಟು ಪುಟದ ಕಥೆಯಲ್ಲಿ ನಡುವೆ ಹೀಗೆ ಹೊರಳಿದರೆ ಓದುಗನಿಗೆ ಕಾಣುವುದು ಗೊಂದಲವೊಂದೇ.

ಮಂಜನ ಕಥೆಯನ್ನು ನಾನಂತೂ ‘ಅವನು’ ಎಂದೇ ಬರೆಯುತ್ತೇನೆ, ಯಾಕೆಂದರೆ ಅದರ ತಿರುಳು ಇತ್ಯರ್ಥವಾಗದ ಒಂದು ಮೌನ. ನೆನೆಯುವ ಗಂಡಸು ಎಷ್ಟೇ ಬಿಗಿಹಿಡಿದರೂ ಒಂದಲ್ಲ ಒಂದು ಕಡೆ ಅದನ್ನು ಇತ್ಯರ್ಥ ಮಾಡಿಬಿಡುತ್ತಾನೆ. ನಿಮ್ಮ ಕಥೆಯಲ್ಲಿ ಆ ಗಂಡಸು ಇಂದಿಗೂ ಬಸ್ಯನನ್ನು ಹುಡುಕುತ್ತಿದ್ದರೆ ಉತ್ತರ ಬೇರೆಯಾದೀತು. ಅದನ್ನು ತಿಳಿಯಲು ಅಪ್ಪ ಬಸ್ಸು ಹತ್ತುವ ಮೊದಲ ಪುಟ ಸಾಲದು, ಅದು ಎರಡೂ ಬಗೆಯಲ್ಲಿ ಚೆನ್ನಾಗಿಯೇ ಬರುತ್ತದೆ. ಕಥೆಯಲ್ಲಿ ಬರೆಯಲು ಎಲ್ಲಕ್ಕಿಂತ ಕಷ್ಟವಾದ ಪುಟವನ್ನೇ ಮೊದಲು ಎರಡು ಸಲ ಬರೆದು ನೋಡಿ.